ತುರ್ತಿನಲ್ಲಿ ಸಂದರ್ಶನ ತಪ್ಪಿದಾಗ: ಮೂರು ಸಮಯಗಳ ಒಂದು ಪತ್ರ

ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳು ಸಂದರ್ಶನದ ಹೊಸ್ತಿಲವರೆಗೆ ತಲುಪಿಯೂ ಕೆಲವೊಮ್ಮೆ ಮೌನದಿಂದಲೇ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಅವಘಡವಾಗಿ ಹೋಗಲಾಗದಿದ್ದಾಗ, ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲಾಗದು ಎಂಬ ಅಂಜಿಕೆಯಿಂದ ಸುಮ್ಮನಿದ್ದುಬಿಡುತ್ತಾರೆ. ತಿಳಿಸದೆ ಗೈರುಹಾಜರಾದ ಅಭ್ಯರ್ಥಿಗೆ ಉದ್ಯೋಗದಾತರು ಆಸಕ್ತಿಯಿಲ್ಲವೆಂದೇ ಭಾವಿಸುತ್ತಾರೆ. ಏಳೆಂಟು ವಾಕ್ಯಗಳ ಪತ್ರವೊಂದು ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು.

ಒಂದು ಉದಾಹರಣೆಯನ್ನು ನೋಡೋಣ. ಬದಿಯಡ್ಕದ ಕಡೆಯ ಪದವೀಧರೆಯೊಬ್ಬಳಿಗೆ ಮಂಗಳೂರಿನ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಸಹಾಯಕಿ ಹುದ್ದೆಗೆ ಜೂನ್ 11, ಬುಧವಾರ ಬೆಳಿಗ್ಗೆ 10.30ಕ್ಕೆ ಸಂದರ್ಶನ ನಿಗದಿಯಾಗಿದೆ. ಮಂಗಳವಾರ ರಾತ್ರಿ ತಂದೆಗೆ ಎದೆನೋವು ಕಾಣಿಸಿಕೊಂಡು, ಅವರನ್ನು ಮಂಗಳೂರಿನ ಆಸ್ಪತ್ರೆಗೆ ದಾಖಲಿಸಬೇಕಾಯಿತು. ಅಣ್ಣ ಮುಂಬಯಿಯಿಂದ ಬಂದು ತಲುಪುವುದು ಗುರುವಾರ ರಾತ್ರಿ.

ಅವಳು ಮಾಡಬೇಕಾದ ಮೊದಲ ಕೆಲಸವೆಂದರೆ, ಸಂದರ್ಶನದ ಕರೆ ಬಂದ ಇಮೇಲಿಗೇ ಉತ್ತರ ಬರೆಯುವುದು. ಆಗ ಹಳೆಯ ಪತ್ರವೂ ಜತೆಗೇ ಹೋಗುವುದರಿಂದ ಯಾವ ಹುದ್ದೆ, ಯಾವ ಅಭ್ಯರ್ಥಿ ಎಂದು ಅಧಿಕಾರಿ ಹುಡುಕಬೇಕಾಗುವುದಿಲ್ಲ. ರಾತ್ರಿಯೇ ಇಮೇಲ್ ಕಳುಹಿಸಿ, ಬೆಳಿಗ್ಗೆ ಕಚೇರಿ ತೆರೆಯುತ್ತಿದ್ದಂತೆ ದೂರವಾಣಿಯಲ್ಲೂ ತಿಳಿಸಬೇಕು. ಆ ಹೊತ್ತಿಗೆ ಇಮೇಲನ್ನು ಯಾರೂ ತೆರೆದಿರಲಾರರು.

ಎರಡನೆಯದು, ಬದಲಿ ಸಮಯದ ಆಯ್ಕೆ. “ನಿಮಗೆ ಅನುಕೂಲವಾದ ಯಾವ ದಿನವಾದರೂ ಸರಿ” ಎಂದು ಬರೆಯುವುದು ವಿನಯವೆಂದು ನಮಗೆ ತೋರುತ್ತದೆ. ಆದರೆ ಅದು ಕೆಲಸವನ್ನು ಪೂರ್ತಿ ಅಧಿಕಾರಿಯ ಮೇಲೆ ಹೊರಿಸುತ್ತದೆ. ಸಂದರ್ಶನ ನಡೆಸುವವರು ಇಬ್ಬರು ಮೂವರಿದ್ದರೆ, ಅವರೆಲ್ಲರ ಬಿಡುವನ್ನು ಆ ಅಧಿಕಾರಿ ಹೊಂದಿಸಬೇಕು. ಸ್ಪಷ್ಟವಾದ ಮೂರು ಸಮಯಗಳು ಮುಂದಿದ್ದರೆ, “ಎರಡನೆಯದು ಆಗಬಹುದು” ಎಂಬ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ.

ಆ ಮೂರು ಸಮಯಗಳನ್ನು ಅಂದಾಜಿನಿಂದ ಬರೆಯಬಾರದು. ಅಣ್ಣ ಬಂದ ಮೇಲೆ, ಅಂದರೆ ಶುಕ್ರವಾರದಿಂದಷ್ಟೇ ಅವಳಿಗೆ ಬಿಡುವು. ವೈದ್ಯರು ವಾರ್ಡಿಗೆ ಬರುವುದು ಬೆಳಿಗ್ಗೆಯಾದ್ದರಿಂದ ಮೊದಲೆರಡು ಸಮಯಗಳು ಅಪರಾಹ್ನಕ್ಕಿರಲಿ. ಮೂರೂ ಅಪರಾಹ್ನವೇ ಆದರೆ ಕಚೇರಿಗೆ ಹೊಂದದಿರಬಹುದು. ಆದ್ದರಿಂದ ಒಂದಾದರೂ ಪೂರ್ವಾಹ್ನದಲ್ಲಿರಬೇಕು. ಮಂಗಳವಾರದ ಹೊತ್ತಿಗೆ ಅವಳು ಊರಿಗೆ ಮರಳಿರಬಹುದು. ಕಾಸರಗೋಡಿನಿಂದಲೇ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಳೆಗಾಲದ ಬಸ್ ಪ್ರಯಾಣ ಬೇರೆ. ಹಾಗಾಗಿ 9 ಗಂಟೆಯ ಬದಲು 11 ಗಂಟೆ ಎಂದು ಬರೆಯುವುದೇ ವಿವೇಕ.

ಪತ್ರ ಹೀಗಿರಬಹುದು:

“ಮಾನ್ಯರೇ, ಲೆಕ್ಕ ಸಹಾಯಕಿ ಹುದ್ದೆಗಾಗಿ ಜೂನ್ 11, ಬುಧವಾರ ಬೆಳಿಗ್ಗೆ 10.30ಕ್ಕೆ ನನ್ನ ಸಂದರ್ಶನ ನಿಗದಿಯಾಗಿದೆ. ಇಂದು ರಾತ್ರಿ ನನ್ನ ತಂದೆಯವರನ್ನು ತುರ್ತಾಗಿ ಆಸ್ಪತ್ರೆಗೆ ದಾಖಲಿಸಬೇಕಾಯಿತು. ಆದುದರಿಂದ ನಾಳೆ ಹಾಜರಾಗಲು ಸಾಧ್ಯವಾಗುತ್ತಿಲ್ಲ. ತಮಗಾಗುವ ಅನನುಕೂಲಕ್ಕೆ ಕ್ಷಮೆ ಕೋರುತ್ತೇನೆ. ಈ ಹುದ್ದೆಯಲ್ಲಿ ನನ್ನ ಆಸಕ್ತಿ ಹಾಗೆಯೇ ಇದೆ. ಸಾಧ್ಯವಿದ್ದಲ್ಲಿ ಕೆಳಗಿನ ಸಮಯಗಳಲ್ಲಿ ಒಂದನ್ನು ದಯವಿಟ್ಟು ನೀಡಬೇಕಾಗಿ ವಿನಂತಿ:

1. ಜೂನ್ 13, ಶುಕ್ರವಾರ, ಅಪರಾಹ್ನ 2ರಿಂದ 5
2. ಜೂನ್ 16, ಸೋಮವಾರ, ಅಪರಾಹ್ನ 2ರಿಂದ 5
3. ಜೂನ್ 17, ಮಂಗಳವಾರ, ಪೂರ್ವಾಹ್ನ 11ರಿಂದ 1

ಮೂರೂ ದಿನ ನೇರವಾಗಿ ಬರಬಲ್ಲೆ. ತಾವು ಬಯಸಿದಲ್ಲಿ ವೀಡಿಯೊ ಕರೆಯಲ್ಲೂ ಹಾಜರಾಗುತ್ತೇನೆ.”

ಕೊನೆಯಲ್ಲಿ ಹೆಸರು ಮತ್ತು ದೂರವಾಣಿ ಸಂಖ್ಯೆ ಇರಲಿ. ಕರೆ ಇಂಗ್ಲಿಷಿನಲ್ಲಿ ಬಂದಿದ್ದರೆ ಉತ್ತರವೂ ಇಂಗ್ಲಿಷಿನಲ್ಲಿರಬೇಕು. ಆಗಲೂ ಇದೇ ಕ್ರಮ, ಇಷ್ಟೇ ಚಿಕ್ಕ ವಾಕ್ಯಗಳು ಸಾಕು. ಕಾರಣಕ್ಕೆ ಒಂದೇ ವಾಕ್ಯ ಮೀಸಲಿಡಬೇಕು. ರೋಗದ ವಿವರ, ಮನೆಯ ಕಷ್ಟಗಳ ವರ್ಣನೆ ಅಲ್ಲಿಗೆ ಬೇಡ. ಕೇಳಿದರೆ ತೋರಿಸಲು ಆಸ್ಪತ್ರೆಯ ಚೀಟಿ ಕೈಯಲ್ಲಿದ್ದರಾಯಿತು.

ಉತ್ತರ ಬರುವವರೆಗೆ ಆ ಮೂರು ಸಮಯಗಳನ್ನೂ ಬೇರೆ ಕೆಲಸಕ್ಕೆ ಕೊಡಬಾರದು. ಒಂದು ಸಮಯ ಖಚಿತವಾದೊಡನೆ, ದಿನಾಂಕ ಮತ್ತು ಗಂಟೆಯನ್ನು ಮತ್ತೊಮ್ಮೆ ಬರೆದು ಒಪ್ಪಿಗೆ ತಿಳಿಸಬೇಕು. ಎರಡನೆಯ ಬಾರಿ ಬದಲಾವಣೆ ಕೇಳಿದರೆ ವಿಶ್ವಾಸ ಸಡಿಲವಾಗುತ್ತದೆ. ಮೊದಲ ಪತ್ರದಲ್ಲೇ ಖಂಡಿತ ಸಾಧ್ಯವಿರುವ ದಿನಗಳನ್ನಷ್ಟೇ ಕೊಡಬೇಕೆನ್ನುವುದು ಇದಕ್ಕಾಗಿಯೇ.

ಸರಕಾರಿ ನೇಮಕಾತಿಯ ರೀತಿ ಬೇರೆ. ಅಲ್ಲಿ ಕರೆಪತ್ರ ಹಾಗೂ ಅಧಿಸೂಚನೆಯಲ್ಲಿ ಹೇಳಿದ ನಿಯಮವೇ ಅಂತಿಮ. ದಿನಾಂಕ ಬದಲಾವಣೆಗೆ ಅವಕಾಶವಿದ್ದರೆ, ಅಲ್ಲಿ ಸೂಚಿಸಿದ ವಿಳಾಸಕ್ಕೆ ದಾಖಲೆ ಸಹಿತ ಅರ್ಜಿ ಸಲ್ಲಿಸಬೇಕು. ಲಿಖಿತ ಅನುಮತಿ ಕೈಸೇರುವವರೆಗೆ ಮೊದಲಿನ ದಿನಾಂಕವೇ ಊರ್ಜಿತವೆಂದು ತಿಳಿಯಬೇಕು.