ಸೀರೆ ಕಾಣಬೇಕು, ಮಾತೂ ಇರಬೇಕು

ಇಳಕಲ್ ಸೀರೆ ಮಾರುವ ಗೆಳೆಯರೊಬ್ಬರು ತಮ್ಮ ಆನ್‌ಲೈನ್ ಅಂಗಡಿಯನ್ನು ಮೊಬೈಲ್‌ನಲ್ಲಿ ತೆರೆದು ನನ್ನ ಮುಂದಿಟ್ಟರು. "ಮಂದಿ ಬರ್ತಾರ್ರೀ, ಸೀರಿ ನೋಡದ ಹೊಳ್ಳಿ ಹೋಗ್ತಾರ" ಎಂದರು. ಪುಟದ ತುದಿಯಲ್ಲಿ ಸುಮಾರು 180 ಪದಗಳ ಒಂದು ಪ್ಯಾರಾ ಇತ್ತು. "ಇಳಕಲ್ ಸೀರೆ" ಎಂಬ ಮಾತು ಅದರಲ್ಲಿ 14 ಸಲ ಬಂದಿತ್ತು. ಗೂಗಲ್‌ನಲ್ಲಿ ಮೇಲೆ ಬರಲು ಇದು ಬೇಕೇ ಬೇಕೆಂದು ಯಾರೋ ಬರೆದುಕೊಟ್ಟಿದ್ದರಂತೆ.

ನಾವು ಮೊದಲು ಮಾಡಿದ್ದು ಅಳತೆ. ಅವರ ಮೊಬೈಲ್‌ನಲ್ಲಿ ಬ್ರೌಸರ್‌ನ ಪಟ್ಟಿಗಳನ್ನು ಬಿಟ್ಟರೆ ಪುಟಕ್ಕೆ ಸಿಗುತ್ತಿದ್ದದ್ದು ಸುಮಾರು 640 ಪಿಕ್ಸೆಲ್ ಎತ್ತರ. ಕನ್ನಡಕ್ಕೆ ಒತ್ತಕ್ಷರಗಳಿರುವುದರಿಂದ ಸಾಲಿಗೆ 28 ಪಿಕ್ಸೆಲ್ ಆದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಒಂದು ಸಾಲಿನಲ್ಲಿ ನಾಲ್ಕೈದು ಪದ ಹಿಡಿಯುತ್ತವೆ. ಹಾಗಾಗಿ 180 ಪದ ಎಂದರೆ 40 ಸಾಲು, 1,120 ಪಿಕ್ಸೆಲ್. ಮೊದಲ ಸೀರೆ ಕಾಣಬೇಕಾದರೆ ಗಿರಾಕಿ ಹೆಚ್ಚುಕಡಿಮೆ ಎರಡು ಪರದೆಯಷ್ಟು ಕೆಳಗೆ ಸರಿಸಬೇಕಿತ್ತು.

ಹಾಗೆಂದು ಮಾತನ್ನೇ ತೆಗೆದುಹಾಕುವಂತಿಲ್ಲ. ಸೀರೆಗಳ ಪುಟದಲ್ಲಿ ಇರುವುದು ಫೋಟೊ, ಹೆಸರು, ಬೆಲೆ ಅಷ್ಟೆ. ಇವೆಲ್ಲ ಒಟ್ಟಿಗೆ ಯಾಕಿವೆ, ಯಾವ ಬಟ್ಟೆ, ಯಾವ ಅಳತೆ ಎಂಬುದನ್ನು ಗೂಗಲ್‌ಗೂ ಗಿರಾಕಿಗೂ ಯಾರಾದರೂ ಹೇಳಬೇಕು. ಆದರೆ ಇಷ್ಟೇ ಪದ ಇರಬೇಕೆಂಬ ಕನಿಷ್ಠ ಲೆಕ್ಕ ಗೂಗಲ್‌ಗೆ ಇಲ್ಲ, ಅದನ್ನು ಅವರೇ ಹೇಳಿದ್ದಾರೆ. ಒಂದೇ ಪದವನ್ನು ತುರುಕುವುದನ್ನಂತೂ ಅವರ ನಿಯಮಗಳು ತಪ್ಪೆಂದೇ ಎಣಿಸುತ್ತವೆ.

ಆ ಪ್ಯಾರಾದ ಜಾಗದಲ್ಲಿ ನಾವು ಇಟ್ಟದ್ದು ಇಷ್ಟು: "ಹತ್ತಿಯ ಒಡಲು, ರೇಷ್ಮೆ ಸೆರಗು ಇರುವ ಕೈಮಗ್ಗದ ಇಳಕಲ್ ಸೀರೆಗಳು. ಚಿಕ್ಕಿ, ಗೋಮಿ ದಡಿಗಳಲ್ಲಿ, 6 ಮತ್ತು 9 ಗಜದ ಅಳತೆಯಲ್ಲಿ."

ನಾಲ್ಕು ಸಾಲು, 112 ಪಿಕ್ಸೆಲ್. ಅಂಗಡಿಯ ಹೆಸರು, ಶೀರ್ಷಿಕೆ, ಫಿಲ್ಟರ್ ಪಟ್ಟಿ ಎಲ್ಲ ಸೇರಿ ಇನ್ನೊಂದು 150 ಹೋದರೂ ಸೀರೆಗಳಿಗೆ 380ರಷ್ಟು ಉಳಿಯಿತು. ಮೊದಲ ಎರಡು ಸೀರೆಗಳು ಬೆಲೆಸಮೇತ ಕಂಡವು, ಅವುಗಳ ಕೆಳಗೆ ಇನ್ನೆರಡರ ತುದಿ ಇಣುಕಿತು. ಆ ಇಣುಕುವ ತುದಿ ನನಗೆ ಮುಖ್ಯ. ಕೆಳಗೆ ಇನ್ನೂ ಇದೆ ಎಂದು ಬೆರಳಿಗೆ ಹೇಳುವುದು ಅದೇ.

ಈ ಎರಡು ಸಾಲಿನಲ್ಲಿ "ಪರಂಪರೆಯ ಸೊಬಗು" ಇಲ್ಲ, "ಸ್ವಾಗತ" ಇಲ್ಲ. ಅವನ್ನು ಯಾರೂ ಟೈಪ್ ಮಾಡಿ ಹುಡುಕುವುದಿಲ್ಲ. ಹತ್ತಿ, ಗೋಮಿ, 9 ಗಜ ಇವನ್ನು ಹುಡುಕುತ್ತಾರೆ. ಪದಗಳನ್ನು ನಾವು ಊಹಿಸಲೂ ಇಲ್ಲ. ಆ ಪುಟ ಯಾವ ಹುಡುಕಾಟಗಳಲ್ಲಿ ಕಾಣಿಸಿಕೊಂಡಿದೆ ಎಂಬುದನ್ನು Google Search Console ತೋರಿಸುತ್ತದೆ. ಅಲ್ಲಿಂದಲೇ ಆರಿಸಿಕೊಂಡೆವು.

ಹಳೆಯ ಪ್ಯಾರಾದಲ್ಲಿ ಒಳ್ಳೆಯ ಮಾತೂ ಇತ್ತು. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಬಗೆ ಇಳಕಲ್ ನೇಯ್ಗೆಯ ಗುರುತು, ಅದನ್ನು ಬಿಸಾಡುವುದು ಹೇಗೆ? ಆದರೆ "ಅಸಲಿ ಇಳಕಲ್ ಗುರುತಿಸುವುದು ಹೇಗೆ" ಎಂದು ಹುಡುಕುವವರು ಓದಲು ಬಂದವರು, ಕೊಳ್ಳಲು ಬಂದವರಲ್ಲ. ಅವರಿಗಾಗಿ ಅದನ್ನು ಬೇರೆ ಲೇಖನ ಮಾಡಿ, ಅಲ್ಲಿಂದ ಸೀರೆಗಳ ಪುಟಕ್ಕೆ ಕೊಂಡಿ ಕೊಟ್ಟೆವು. ಕೊಳ್ಳುವ ಹೊತ್ತಿಗೆ ಹುಟ್ಟುವ ಎರಡೇ ಪ್ರಶ್ನೆಗಳನ್ನು, ಅಂದರೆ ಯಾರಿಗೆ ಎಷ್ಟು ಗಜ ಮತ್ತು ಒಗೆಯುವುದು ಹೇಗೆ ಎಂಬುದನ್ನು, ಸೀರೆಗಳ ಕೆಳಗೆ ಮಡಚಿಟ್ಟೆವು:

```html
<details>
  <summary>6 ಗಜವೋ 9 ಗಜವೋ?</summary>
  <p>ಉತ್ತರ ಇಲ್ಲಿ</p>
</details>
```

ಹೀಗೆ ಮಡಚಿಟ್ಟರೂ ಬರಹ ಪುಟದೊಳಗೇ ಇರುತ್ತದೆ, ಗೂಗಲ್ ಅದನ್ನು ಓದುತ್ತದೆ. ಎಡವಟ್ಟಾಗುವುದು "ಇನ್ನಷ್ಟು ಓದಿ" ಒತ್ತಿದ ಮೇಲಷ್ಟೇ ಬರಹ ಸರ್ವರ್‌ನಿಂದ ಬರುವಂತೆ ಮಾಡಿದಾಗ. ಗೂಗಲ್ ಗುಂಡಿ ಒತ್ತುವುದಿಲ್ಲ, ಹಾಗಾಗಿ ಆ ಬರಹ ಅದರ ಪಾಲಿಗೆ ಇಲ್ಲವೇ ಇಲ್ಲ. ನೋಡಿಕೊಳ್ಳುವುದು ಸುಲಭ: Search Consoleನ URL Inspectionನಲ್ಲಿ ಪುಟದ ವಿಳಾಸ ಹಾಕಿ, View crawled page ತೆರೆದು, ನಿಮ್ಮದೇ ಒಂದು ವಾಕ್ಯವನ್ನು ಹುಡುಕಿ. ಮೇಲಿನ ಎರಡು ಸಾಲು ತಡವಾಗಿ ಬಂದು ಸೀರೆಗಳನ್ನು ಕೆಳಕ್ಕೆ ತಳ್ಳುವುದು ಇನ್ನೊಂದು ತೊಂದರೆ. ಸೀರೆಯ ಮೇಲೆ ಒತ್ತಲು ಹೋದ ಬೆರಳು ಫಿಲ್ಟರ್ ಮೇಲೆ ಬೀಳುತ್ತದೆ.

ಅದೇ ಎರಡು ಸಾಲನ್ನು ಮೊಳಕಾಲ್ಮೂರು ಸೀರೆಯ ಪುಟಕ್ಕೆ ಹೆಸರು ಬದಲಿಸಿ ಹಾಕಬಹುದೇ ಎಂದು ಗೆಳೆಯರು ಕೇಳಿದರು. ಬೇಡ ಎಂದೆ. ಆ ಸೀರೆಯ ನೇಯ್ಗೆಯೇ ಬೇರೆ, ಅದನ್ನು ಹುಡುಕುವವರ ಪ್ರಶ್ನೆಗಳೂ ಬೇರೆ. ನಾಲ್ಕೇ ಸೀರೆ ಇರುವ ಪುಟಕ್ಕಾದರೆ ಎಂಥ ಸಾಲು ಬರೆದರೂ ಹೆಚ್ಚು ಉಪಯೋಗವಿಲ್ಲ, ಮೊದಲು ಸೀರೆ ತುಂಬಿಸಬೇಕು.

ಕಳೆದ ವಾರ 9 ಗಜದವು ಖಾಲಿಯಾದವು. ಅಂದು ಸಂಜೆಯೇ ಆ ಸಾಲಿನಿಂದ "ಮತ್ತು 9" ತೆಗೆದೆವು.