ಐನೂರು ರೂಪಾಯಿಯ ಕೀ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗೇಮಿಂಗ್ ಪಿಸಿ ಜೋಡಿಸಿಕೊಳ್ಳುವವರ ಚೀಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನಿಂದ ಹಿಡಿದು ಫ್ಯಾನಿನವರೆಗೆ ಎಲ್ಲ ಇರುತ್ತದೆ, ವಿಂಡೋಸ್ ಮಾತ್ರ ಕೊನೆಗೆ ನೆನಪಾಗುತ್ತದೆ. ಆಗ ಆನ್‌ಲೈನಿನಲ್ಲಿ ಹುಡುಕಿದರೆ ಒಂದು ವಿಚಿತ್ರ ಕಾಣುತ್ತದೆ. ಅಮೆರಿಕದಲ್ಲಿ ಹೋಮ್ ಆವೃತ್ತಿಗೆ 139 ಡಾಲರ್, ಪ್ರೊಗೆ 199.99 ಡಾಲರ್ ಎಂದು ಮೈಕ್ರೋಸಾಫ್ಟ್ ಬೆಲೆ ಕಟ್ಟಿದೆ. ಅದೇ ಪ್ರೊ ಇಲ್ಲಿ ಐನೂರು ರೂಪಾಯಿಗೆ!

ಆಟಕ್ಕೆ ಹೋಮ್ ಸಾಕು. ಆದರೂ ಅಗ್ಗದ ಕೀಗಳಲ್ಲಿ ಪ್ರೊನದೇ ಮೇಲುಗೈ ಏಕೆ? ಕಂಪನಿಗಳು, ಕಾಲೇಜುಗಳು ಸಗಟಾಗಿ ಪಡೆಯುವ ಪರವಾನಗಿಯಲ್ಲಿ ಪ್ರೊ, ಎಂಟರ್‌ಪ್ರೈಸ್‌ಗಳು ಬರುತ್ತವೆ, ಹೋಮ್ ಬರುವುದಿಲ್ಲ. ಸಗಟು ಪರವಾನಗಿಯ ಒಂದು ಬಗೆಯ ಕೀಯನ್ನು ಮ್ಯಾಕ್ ಎನ್ನುತ್ತಾರೆ. ಒಂದೇ ಕೀಯಿಂದ ನೂರಾರು ಯಂತ್ರಗಳನ್ನು ಆ್ಯಕ್ಟಿವೇಟ್ ಮಾಡಬಹುದು. ಅದು ಸಂಸ್ಥೆಯಿಂದ ಸೋರಿ ಹೊರಬಿದ್ದರೆ ಮಾರುವವನು ಅದನ್ನೇ ನೂರು ಜನರಿಗೆ ಮಾರುತ್ತಾನೆ. ಮೈಕ್ರೋಸಾಫ್ಟಿನ ಸರ್ವರ್ ನೋಡುವುದು 25 ಅಕ್ಷರ ಸರಿಯೇ, ಲೆಕ್ಕದಲ್ಲಿ ಇನ್ನೂ ಉಳಿದಿದೆಯೇ ಎಂಬುದನ್ನಷ್ಟೆ. ಬಳಸುವ ಹಕ್ಕು ಯಾರದು ಎಂದು ಅದು ಆ ಕ್ಷಣ ಕೇಳುವುದಿಲ್ಲ. ಹಾಗಾಗಿ ಆ್ಯಕ್ಟಿವೇಟ್ ಆಯಿತು ಎಂದ ಮಾತ್ರಕ್ಕೆ ಪರವಾನಗಿ ಸಿಕ್ಕಿತೆಂದಲ್ಲ.

ಒಬ್ಬ ಹುಡುಗ ಇಂಥದ್ದೊಂದು ಕೀ ಕೊಂಡ ಎನ್ನಿ. ಹಾಕಿದಾಗ ಪರದೆ ತಕರಾರು ತೆಗೆಯಿತು. ಮಾರಿದವನು, “ಪರದೆಯ ಮೇಲಿನ ಇನ್‌ಸ್ಟಾಲೇಶನ್ ಐಡಿ ಕಳಿಸಿ, ಕನ್ಫರ್ಮೇಶನ್ ಐಡಿ ಕೊಡ್ತೀನಿ” ಎಂದ. ಆ ಕೀಯ ಲೆಕ್ಕ ಮುಗಿದಿರಬಹುದು ಎನ್ನುವುದಕ್ಕೆ ಇದೇ ಸುಳಿವು. ಅಂತೂ ಕೆಲಸವಾಯಿತು. ಅನುಮಾನ ಬಂದು ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಟೈಪಿಸಿದ:

```
slmgr /dli
```

ಎದ್ದ ಕಿಟಕಿಯಲ್ಲಿ VOLUME_MAK channel ಎಂದಿತ್ತು. ಸ್ವಂತಕ್ಕೆ ಕೊಂಡದ್ದಾದರೆ RETAIL ಎಂದಿರಬೇಕಿತ್ತು. VOLUME_KMSCLIENT ಎಂದಿದ್ದರೆ ಇನ್ನೂ ಕಷ್ಟ: ಆ ಬಗೆಯ ಆ್ಯಕ್ಟಿವೇಶನ್ 180 ದಿನಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಸಂಸ್ಥೆಯ ಸರ್ವರನ್ನು ಮತ್ತೆ ಮುಟ್ಟಬೇಕು. ಮ್ಯಾಕ್‌ಗೆ ಅಂಥ ಗಡುವಿಲ್ಲ. ಆದರೆ ಕೀ ಸೋರಿದೆಯೆಂದು ತಿಳಿದು ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದರೆ, ಮದರ್‌ಬೋರ್ಡ್ ಬದಲಿಸಿದ ದಿನವೋ ವಿಂಡೋಸ್ ಮತ್ತೆ ಹಾಕಿದ ದಿನವೋ ಅದು ಕೈಕೊಡುತ್ತದೆ. ಆ ಹೊತ್ತಿಗೆ ಮಾರಿದವನ ಅಂಗಡಿ ಹೆಸರು ಬದಲಾಗಿರುತ್ತದೆ.

ಅಗ್ಗದ ಕೀಗಳೆಲ್ಲ ಮ್ಯಾಕ್ ಅಲ್ಲ. ಗುಜರಿಗೆ ಹೋದ ಯಂತ್ರಗಳ ಓಇಎಂ ಕೀಗಳೂ ಇವೆ. ಓಇಎಂ ಪರವಾನಗಿ ಮೊದಲ ಯಂತ್ರಕ್ಕೇ ಅಂಟಿದ್ದು.

ದುಡ್ಡು ಕೂಡುವವರೆಗೆ ಕೀ ಇಲ್ಲದೆಯೂ ವಿಂಡೋಸ್ ಹಾಕಿ ನೋಡಬಹುದು. ಮೂಲೆಯಲ್ಲಿ Activate Windows ಎಂಬ ಮಸುಕು ಬರಹ ನಿಲ್ಲುತ್ತದೆ, ವಾಲ್‌ಪೇಪರಿನಂಥ ಅಲಂಕಾರದ ಸೆಟಿಂಗ್‌ಗಳು ಬೀಗ ಹಾಕಿಕೊಳ್ಳುತ್ತವೆ. ಆಟದ ವೇಗ ಕುಗ್ಗದು. ಪರವಾನಗಿಯ ಷರತ್ತು ಇದನ್ನು ಕಾಯಂ ಏರ್ಪಾಡಾಗಿ ಒಪ್ಪುವುದಿಲ್ಲ, ನಿಜ. ಆದರೂ ಐನೂರು ಕಳೆದುಕೊಳ್ಳುವುದಕ್ಕಿಂತ ನನಗೆ ಇದೇ ಮೇಲೆನಿಸುತ್ತದೆ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಪಿಸಿಯಿದ್ದರೆ ಅದರಲ್ಲೂ ಮೇಲಿನ ಆಜ್ಞೆ ಕೊಟ್ಟು ನೋಡಿ. RETAIL ಎಂದು ಬಂದು, ಕೊಂಡಾಗಿನ ಕೀ ನಿಮ್ಮ ಬಳಿ ಬರೆದಿಟ್ಟಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ slmgr /upk ಎಂದು ಹಳೆಯ ಯಂತ್ರದಿಂದ ಅದನ್ನು ತೆಗೆದು ಹೊಸ ಯಂತ್ರಕ್ಕೆ ಹಾಕಿಕೊಳ್ಳಬಹುದು, ಖರ್ಚಿಲ್ಲದೆ.