ಎಚ್‌ಆರ್ ಫೋನಿನಲ್ಲಿ ಕೇಳಬೇಕಾದ ಲೆಕ್ಕ

2022ರ ಜನವರಿಯಲ್ಲಿ ಬೆಂಗಳೂರಿನ ಡನ್ಜೋ ಕಂಪನಿಗೆ 24 ಕೋಟಿ ಡಾಲರ್ ಬಂಡವಾಳ ಬಂತು. ಅಂದಿನ ದರದಲ್ಲಿ ಅದು ಹೆಚ್ಚುಕಡಿಮೆ 1,800 ಕೋಟಿ ರೂಪಾಯಿ. ಹಾಕಿದವರಲ್ಲಿ ಮುಂದೆ ನಿಂತದ್ದು ರಿಲಯನ್ಸ್ ರಿಟೇಲ್. ಅದಕ್ಕೆ ಕಂಪನಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಸಿಕ್ಕಿತು. ಗೂಗಲ್ ಅದಕ್ಕೂ ಮೊದಲೇ ಹಣ ಹಾಕಿತ್ತು. ಆ ದಿನಗಳಲ್ಲಿ ಡನ್ಜೋದಿಂದ ಕೆಲಸದ ಕರೆ ಬಂದಿದ್ದರೆ "ಕಂಪನಿ ಗಟ್ಟಿಯಾಗಿದೆಯಾ?" ಎಂದು ಕೇಳುವುದೇ ಅಧಿಕಪ್ರಸಂಗ ಎನಿಸುತ್ತಿತ್ತು.

ಮರುವರ್ಷದ ಮಧ್ಯದ ಹೊತ್ತಿಗೆ ಅಲ್ಲಿ ಸಂಬಳ ತಡವಾಗತೊಡಗಿತ್ತು, ಜನರನ್ನು ಮನೆಗೆ ಕಳಿಸುವುದೂ ನಡೆದಿತ್ತು. 2025ರ ಆರಂಭದಲ್ಲಿ ಆ್ಯಪ್ ಸ್ತಬ್ಧವಾಯಿತು. ಕಾರಣ ಏನೆಂದು ಹೇಳಲು ಒಂದು ಸಂಖ್ಯೆ ಸಾಕು. 2023ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಯ ನಷ್ಟ ಸುಮಾರು 1,800 ಕೋಟಿ. ನಷ್ಟ ಅಂದರೆ ಅಷ್ಟೂ ಕೈಯಿಂದ ಹೋದ ನಗದು ಎಂದಲ್ಲ, ಅದರಲ್ಲಿ ಸವಕಳಿಯಂಥ ಲೆಕ್ಕದ ಬಾಬತ್ತುಗಳೂ ಸೇರಿರುತ್ತವೆ. ಆದರೂ ಅಳತೆ ನೋಡಿ: ಪತ್ರಿಕೆಗಳ ಮುಖಪುಟಕ್ಕೆ ಬಂದ ಆ ದೊಡ್ಡ ಹೂಡಿಕೆ ಒಂದೇ ವರ್ಷದ ನಷ್ಟಕ್ಕೆ ಸಮ.

ಸ್ಟಾರ್ಟಪ್ ಒಂದರ ರಿಕ್ರೂಟರ್ ಫೋನ್ ಮಾಡಿದಾಗ ಅಭ್ಯರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಯಾವ ಹಂತದ ಫಂಡಿಂಗ್ ಆಗಿದೆ?" ಎಂಬುದು. ಉತ್ತರವೂ ಸಿದ್ಧವಾಗಿರುತ್ತದೆ: ಸೀಡ್, ಸೀರೀಸ್ ಎ, ಸೀರೀಸ್ ಬಿ. ಸೀಡ್ ಎಂದರೆ ಕಲ್ಪನೆಗೆ ಬಿದ್ದ ಹಣ. ಎ ಎಂದರೆ ಕೊಳ್ಳುವವರು ಸಿಕ್ಕಿದ್ದಾರೆ ಎಂಬ ನಂಬಿಕೆಗೆ. ಬಿ ಮತ್ತು ಮುಂದಿನವು ವ್ಯಾಪಾರ ಹಿಗ್ಗಿಸುವುದಕ್ಕೆ. ಇಷ್ಟನ್ನು ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಹಂತದ ಹೆಸರು ಹೇಳುವುದು ಕಂಪನಿ ನಿನ್ನೆ ಎಲ್ಲಿತ್ತು ಎಂಬುದನ್ನು. ಆ ಸೀರೀಸ್ ಬಿ ಆದದ್ದು ಯಾವ ತಿಂಗಳು, ಅದರಲ್ಲಿ ಈಗ ಎಷ್ಟು ಉಳಿದಿದೆ ಎಂದು ಕೇಳಿದಾಗಲೇ ಮಾತು ಇಂದಿಗೆ ಬರುತ್ತದೆ.

ಇದಕ್ಕೆ ಸ್ಟಾರ್ಟಪ್ ವಲಯದವರು ಬಳಸುವ ಮಾತು ರನ್‌ವೇ. ಬ್ಯಾಂಕಿನಲ್ಲಿರುವ ಹಣವನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಎಷ್ಟು ತಿಂಗಳು ಬರುತ್ತದೋ ಅಷ್ಟು. ಸಂಪಿನಲ್ಲಿ ಎಷ್ಟು ನೀರಿದೆ ಎಂದಷ್ಟೇ ತಿಳಿದರೆ ಟ್ಯಾಂಕರ್‌ಗೆ ಯಾವತ್ತು ಫೋನ್ ಮಾಡಬೇಕೆಂದು ಗೊತ್ತಾಗುವುದಿಲ್ಲವಲ್ಲ, ಹಾಗೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ದೊಡ್ಡ ಐಟಿ ಕಂಪನಿಯೊಂದರಲ್ಲಿ ಆರು ವರ್ಷ ದುಡಿದ ಇಂಜಿನಿಯರ್‌ಗೆ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್‌ನಿಂದ ಕರೆ ಬಂದಿದೆ. ಮೊದಲ ಸುತ್ತು ಮುಗಿದಿದೆ. ಇನ್ನು ಮೂರು ಸುತ್ತು, ನಡುವೆ ಮನೆಗೆ ಒಯ್ದು ಮಾಡುವ ಒಂದು ಅಸೈನ್‌ಮೆಂಟ್. ಅದಕ್ಕೆ ಕೈಹಾಕುವ ಮುನ್ನ ಆಕೆ ಕೇಳುತ್ತಾಳೆ: "ಈಗಿನ ಖರ್ಚಿನಲ್ಲಿ ಎಷ್ಟು ತಿಂಗಳ ರನ್‌ವೇ ಇದೆ? ಮುಂದಿನ ರೌಂಡ್ ಯಾವಾಗ?" ರಿಕ್ರೂಟರ್ ಎರಡು ದಿನ ಬಿಟ್ಟು ಹೇಳುತ್ತಾನೆ: ಕೈಯಲ್ಲಿರುವುದು 24 ಕೋಟಿ, ತಿಂಗಳಿಗೆ ಖರ್ಚು 4 ಕೋಟಿ, ಆದಾಯ 1 ಕೋಟಿ. ಅಂದರೆ ತಿಂಗಳಿಗೆ ಕರಗುವುದು 3 ಕೋಟಿ, ಉಳಿದಿರುವುದು 8 ತಿಂಗಳು.

ಎಂಟು ತಿಂಗಳು ಕೇಳಲು ಸಾಕಷ್ಟು ಎನಿಸುತ್ತದೆ. ಆದರೆ ಆಕೆಯ ನೋಟಿಸ್ ಪೀರಿಯಡ್ 90 ದಿನ. ಇಂಟರ್‌ವ್ಯೂ ಮುಗಿಯಲು ಒಂದು ತಿಂಗಳು ಹಿಡಿಯಿರಿ. ಹೊಸ ಕುರ್ಚಿಯಲ್ಲಿ ಕೂರುವ ದಿನ ಕಂಪನಿಯ ಬಳಿ ಉಳಿಯುವುದು ನಾಲ್ಕೇ ತಿಂಗಳ ಹಣ, ಆಗಿನ್ನೂ ಪ್ರೊಬೇಷನ್ ಕೂಡ ಮುಗಿದಿರುವುದಿಲ್ಲ. ಮೇಲಾಗಿ, ಎಂಟು ತಿಂಗಳ ಈ ಲೆಕ್ಕ ಈಗಿನ ಖರ್ಚಿನದು. ಆಕೆಯನ್ನೂ ಆಕೆಯ ಜೊತೆಗೆ ಇನ್ನೂ ಹತ್ತು ಜನರನ್ನೂ ನೇಮಿಸಿಕೊಂಡರೆ ಖರ್ಚು ಏರುತ್ತದೆ, ತಿಂಗಳು ಇಳಿಯುತ್ತದೆ. ಹೊಸ ಬಂಡವಾಳ ಎತ್ತಲು, ಮಾತುಕತೆ ಶುರುವಾದ ದಿನದಿಂದ ಹಣ ಖಾತೆಗೆ ಬೀಳುವವರೆಗೆ, ಆರು ತಿಂಗಳು ಹಿಡಿಯುವುದು ಅಪರೂಪವೇನಲ್ಲ. ಹಾಗಾಗಿ ಎಂಟು ತಿಂಗಳ ರನ್‌ವೇ ಇರುವ ಕಂಪನಿ "ಮುಂದಿನ ರೌಂಡಿನ ಬಗ್ಗೆ ಇನ್ನೂ ಯೋಚಿಸಿಲ್ಲ" ಎಂದರೆ ಅನುಮಾನಿಸಬೇಕು. "ಟರ್ಮ್‌ಶೀಟ್ ಸಹಿಯಾಗಿದೆ, ಪರಿಶೀಲನೆ ನಡೆಯುತ್ತಿದೆ" ಎಂದರೆ ಅದೇ ಎಂಟು ತಿಂಗಳಿಗೆ ಬೇರೆಯೇ ಅರ್ಥ.

ಎಲ್ಲ ರಿಕ್ರೂಟರ್‌ಗಳಿಗೂ ಇದು ಗೊತ್ತಿರುವುದಿಲ್ಲ. ಕನ್ಸಲ್ಟೆನ್ಸಿಯವರಿಗಂತೂ ಗೊತ್ತಿರುವ ಸಂಭವ ತೀರಾ ಕಡಿಮೆ. ಅವರ ಶುಲ್ಕ ಹಲವು ವೇಳೆ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಅದೂ ಅಭ್ಯರ್ಥಿ ಸೇರಿದ ಮೇಲೆ. ಆದ್ದರಿಂದ "ಗೊತ್ತಿಲ್ಲ, ಫೈನಾನ್ಸ್‌ನವರನ್ನು ಕೇಳಿ ಹೇಳುತ್ತೇನೆ" ಎಂಬುದು ಒಳ್ಳೆಯ ಉತ್ತರವೇ. ಬ್ಯಾಂಕಿನ ಶಿಲ್ಕು ಗೋಪ್ಯ ಎಂದರೂ ಒಪ್ಪಬಹುದು, ಏಕೆಂದರೆ ಒಂದು ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೇಳಲು ಶಿಲ್ಕು ಬಯಲಾಗಬೇಕಿಲ್ಲ. ಒಪ್ಪಲಾಗದ್ದು "ನಮ್ಮ ಹಿಂದೆ ದೊಡ್ಡ ದೊಡ್ಡ ಹೂಡಿಕೆದಾರರಿದ್ದಾರೆ" ಎಂಬ ಮಾತು. ಡನ್ಜೋ ಹಿಂದೆಯೂ ಇದ್ದರು.

ಇನ್ನು ಷೇರಿನ ಮಾತು. ಆಕೆಗೆ ಹೇಳಿರುವ ಸಿಟಿಸಿ 38 ಲಕ್ಷ: 26 ಲಕ್ಷ ನಗದು, 12 ಲಕ್ಷ ಇಸಾಪ್. ಇಸಾಪ್ ಎಂದರೆ ಷೇರಲ್ಲ. ನಿಗದಿತ ಬೆಲೆಗೆ ಮುಂದೆಂದೋ ಷೇರು ಕೊಳ್ಳುವ ಹಕ್ಕು. ಹನ್ನೆರಡು ಲಕ್ಷ ಎಲ್ಲಿಂದ ಬಂತು ಎಂದು ಕೇಳಿದರೆ ಒಳಗಿನದು ಹೊರಬರುತ್ತದೆ. ಆಕೆಗೆ 3,000 ಆಪ್ಷನ್. ಕಳೆದ ರೌಂಡಿನಲ್ಲಿ ಹೂಡಿಕೆದಾರರು ಕೊಟ್ಟ ಬೆಲೆ ಷೇರಿಗೆ 400 ರೂಪಾಯಿ. ಎರಡನ್ನೂ ಗುಣಿಸಿದರೆ 12 ಲಕ್ಷ. ಇದು ಸಿಗುವುದು ನಾಲ್ಕು ವರ್ಷಕ್ಕೆ ಹಂಚಿ, ಅಂದರೆ ವರ್ಷಕ್ಕೆ 3 ಲಕ್ಷ. ಅದನ್ನು ಒಂದೇ ವರ್ಷದ ಸಿಟಿಸಿಗೆ ಪೂರ್ತಿ ಸೇರಿಸಿ ಹೇಳುವುದು ಲೆಕ್ಕದ ಕೈಚಳಕ, ಬೇರೇನೂ ಅಲ್ಲ.

ಕೊಳ್ಳುವ ಬೆಲೆ ಎಷ್ಟು ಎಂಬುದು ಮುಂದಿನ ಪ್ರಶ್ನೆ. 10 ರೂಪಾಯಿ ಆದರೆ ಮೂರು ಸಾವಿರ ಷೇರಿಗೆ ಆಕೆ ಕೊಡಬೇಕಾದ್ದು 30,000 ಮಾತ್ರ. 250 ರೂಪಾಯಿ ಆದರೆ 7.5 ಲಕ್ಷ ಕೊಟ್ಟು 12 ಲಕ್ಷದ್ದು ಕೊಳ್ಳಬೇಕು, ಲಾಭ 4.5 ಲಕ್ಷಕ್ಕಿಳಿಯುತ್ತದೆ. ಆ ಮೂರು ಸಾವಿರ ಒಟ್ಟು ಎಷ್ಟರಲ್ಲಿ ಎಂಬುದೂ ತಿಳಿಯಬೇಕು. ಪರಿವರ್ತನೆಯಾಗಲಿರುವ ಆದ್ಯತಾ ಷೇರು, ಹಂಚದೆ ಉಳಿದಿರುವ ಆಪ್ಷನ್ ಎಲ್ಲ ಸೇರಿ 60 ಲಕ್ಷ ಷೇರು ಎಂದಾದರೆ ಆಕೆಯ ಪಾಲು ಶೇ 0.05. ಮೂರು ಸಾವಿರ ಎಂಬ ಸಂಖ್ಯೆಯನ್ನಷ್ಟೇ ಹೇಳಿ ಒಟ್ಟು ಎಷ್ಟೆಂದು ಹೇಳಲೊಲ್ಲದ ಕಂಪನಿ ಏನನ್ನೂ ಹೇಳಿದಂತಾಗಲಿಲ್ಲ.

ನಮ್ಮ ಕಂಪನಿ ಕಾನೂನಿನ ಪ್ರಕಾರ ಆಪ್ಷನ್ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅದು ಕೈಸೇರುವಂತಿಲ್ಲ. ನಾಲ್ಕು ತಿಂಗಳ ರನ್‌ವೇಗೂ ಈ ಒಂದು ವರ್ಷಕ್ಕೂ ಇರುವ ಅಂತರವನ್ನು ಗಮನಿಸಿದರೆ ಎರಡು ಪ್ರಶ್ನೆಗಳನ್ನೂ ಒಟ್ಟಿಗೇ ಏಕೆ ಕೇಳಬೇಕೆಂದು ತಿಳಿಯುತ್ತದೆ.

ಹೆಚ್ಚು ಜನ ಎಡವುವುದು ಕೆಲಸ ಬಿಡುವಾಗ. ಆಕೆ ಎರಡು ವರ್ಷದ ನಂತರ ಬಿಟ್ಟಳು ಅಂದುಕೊಳ್ಳಿ. ಕೈಸೇರಿದ್ದು 1,500 ಆಪ್ಷನ್. ಕಂಪನಿಯ ಯೋಜನೆಯಲ್ಲಿ "ಬಿಟ್ಟ 90 ದಿನದೊಳಗೆ ಕೊಳ್ಳಬೇಕು, ಇಲ್ಲದಿದ್ದರೆ ರದ್ದು" ಎಂದಿದೆ. ಹತ್ತು ರೂಪಾಯಿಯಂತೆ 15,000 ಕೊಟ್ಟರಾಯಿತು ಎಂದು ಆಕೆ ಅಂದುಕೊಳ್ಳುತ್ತಾಳೆ. ಆದರೆ ಅಂದಿನ ಷೇರು ಮೌಲ್ಯ 300 ರೂಪಾಯಿ ಎಂದು ಮರ್ಚೆಂಟ್ ಬ್ಯಾಂಕರ್ ಪ್ರಮಾಣಪತ್ರ ಕೊಟ್ಟಿದ್ದರೆ, ಷೇರಿಗೆ 290ರಂತೆ 4.35 ಲಕ್ಷ ರೂಪಾಯಿ ಆಕೆಯ ಸಂಬಳದ ಆದಾಯವೆಂದೇ ಲೆಕ್ಕ. ಶೇ 30ರ ಹಂತದಲ್ಲಿ ಸೆಸ್ ಸೇರಿ ತೆರಿಗೆ ಸುಮಾರು 1.36 ಲಕ್ಷ. ಮಾರಲು ಮಾರುಕಟ್ಟೆಯೇ ಇಲ್ಲದ ಷೇರಿಗೆ ಕೈಯಿಂದ ಕಟ್ಟುವ ತೆರಿಗೆ ಇದು. 2020ರ ಬಜೆಟ್ ಈ ತೆರಿಗೆಯನ್ನು ಕೆಲ ವರ್ಷ ಮುಂದೂಡುವ ಅವಕಾಶ ಕೊಟ್ಟಿತು ನಿಜ. ಆದರೆ ಅದು ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳ ಉದ್ಯೋಗಿಗಳಿಗೆ ಮಾತ್ರ, ಮತ್ತು ಕೆಲಸ ಬಿಟ್ಟ ಕೂಡಲೇ ಆ ರಿಯಾಯಿತಿ ಮುಗಿಯುತ್ತದೆ. ಹಾಗಾಗಿ ಬಿಟ್ಟ ಮೇಲೆ ಕೊಳ್ಳಲು ಎಷ್ಟು ಕಾಲಾವಕಾಶ ಎಂಬ ಒಂದು ಪ್ರಶ್ನೆ ಮೂರು ಸಾವಿರವೋ ನಾಲ್ಕು ಸಾವಿರವೋ ಎಂಬ ಚೌಕಾಸಿಗಿಂತ ಬೆಲೆಬಾಳುತ್ತದೆ. ಕೆಲವು ಕಂಪನಿಗಳು ಹಲವು ವರ್ಷ ಕಾಲ ಕೊಡುತ್ತವೆ. ಅಂಥಲ್ಲಿ ಕಂಪನಿ ಷೇರುಪೇಟೆಗೆ ಬರುವವರೆಗೆ ಕಾಯಬಹುದು.

ಕಂಪನಿ ಮಾರಾಟವಾದರೆ? ಹೂಡಿಕೆದಾರರ ಷೇರು ಬೇರೆ, ಉದ್ಯೋಗಿಯ ಷೇರು ಬೇರೆ. ಹೂಡಿಕೆದಾರರು ತಾವು ಹಾಕಿದ್ದನ್ನು ಮೊದಲು ತೆಗೆದುಕೊಳ್ಳುವ ಹಕ್ಕನ್ನು ಬರೆಸಿಕೊಂಡಿರುತ್ತಾರೆ. ನಮ್ಮ ಕಾಲ್ಪನಿಕ ಕಂಪನಿ ಒಟ್ಟು 100 ಕೋಟಿ ಎತ್ತಿದ್ದು, 90 ಕೋಟಿಗೆ ಮಾರಾಟವಾದರೆ ಆಕೆಯ ಪಾಲು ಸೊನ್ನೆ. ಕ್ಯಾಲಿಫೋರ್ನಿಯಾದ ಗುಡ್ ಟೆಕ್ನಾಲಜಿ ಎಂಬ ಕಂಪನಿಯಲ್ಲಿ ಇಂಥದ್ದೇ ನಡೆಯಿತು. ಒಂದು ಕಾಲಕ್ಕೆ ನೂರು ಕೋಟಿ ಡಾಲರ್‌ಗೂ ಮಿಕ್ಕ ಮೌಲ್ಯವಿದ್ದ ಅದನ್ನು 2015ರಲ್ಲಿ ಬ್ಲ್ಯಾಕ್‌ಬೆರಿ 42.5 ಕೋಟಿ ಡಾಲರ್‌ಗೆ ಕೊಂಡಿತು. ಹೂಡಿಕೆದಾರರ ಆದ್ಯತಾ ಷೇರಿಗೆ ಸುಮಾರು 3 ಡಾಲರ್ ಸಿಕ್ಕಿತು, ಉದ್ಯೋಗಿಗಳ ಸಾಮಾನ್ಯ ಷೇರಿಗೆ 44 ಸೆಂಟ್. ಷೇರಿನ ಬೆಲೆ ನಾಲ್ಕು ಡಾಲರ್ ದಾಟಿದ್ದಾಗಿನ ಲೆಕ್ಕದಲ್ಲಿ ತೆರಿಗೆ ಕಟ್ಟಿದವರೂ ಅವರಲ್ಲಿದ್ದರು.

ಇಸಾಪ್ ಎಲ್ಲ ನೀರಿನ ಮೇಲಿನ ಬರಹ ಎಂದಲ್ಲ. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲು ಕೊಂಡಾಗ ಬೆಂಗಳೂರಿನ ಎಷ್ಟೋ ಉದ್ಯೋಗಿಗಳಿಗೆ ಹಣ ಬಂತು. ಆದ್ದರಿಂದ "ಈವರೆಗೆ ಬೈಬ್ಯಾಕ್ ಮಾಡಿದ್ದೀರಾ, ಕೆಲಸ ಬಿಟ್ಟವರಿಗೂ ಅದರಲ್ಲಿ ಅವಕಾಶ ಇತ್ತೇ?" ಎಂದು ಕೇಳಬಹುದು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯಾದ್ದರಿಂದ ಇದರಿಂದ ನುಣುಚಿಕೊಳ್ಳುವುದು ಕಷ್ಟ.

ಹೇಳಿದ್ದನ್ನು ತಾಳೆ ನೋಡಲು ದಾರಿ ಇದೆ. ಭಾರತದ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ದಾಖಲೆಗಳನ್ನು ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ‘AOC-4’ ಜೊತೆಗಿನ ಕಡತದಲ್ಲಿ ಆಸ್ತಿ-ಹೊಣೆ ಪಟ್ಟಿ ಇರುತ್ತದೆ. ‘PAS-3’ಯಲ್ಲಿ ಯಾವ ದಿನ, ಎಷ್ಟು ಷೇರು, ಯಾವ ಬೆಲೆಗೆ ಹಂಚಿದರು ಎಂದಿರುತ್ತದೆ. ಮಿತಿಯೊಂದಿದೆ: ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಅಲ್ಲಿಗೆ ಬರುವುದು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ. ಹಾಗಾಗಿ ಇಂದಿನ ಶಿಲ್ಕು ಅಲ್ಲಿ ಕಾಣದು. ಆದರೆ "ಹೋದ ವರ್ಷ ಸೀರೀಸ್ ಬಿ ಆಯಿತು" ಎಂದವರ ಕೊನೆಯ ದೊಡ್ಡ ಷೇರು ಹಂಚಿಕೆ ಮೂರು ವರ್ಷ ಹಳೆಯದಾಗಿದ್ದರೆ ಅದು ಕಾಣುತ್ತದೆ.

ಇಷ್ಟನ್ನೂ ಮೊದಲ ಕರೆಯಲ್ಲೇ ಸುರಿಯಬೇಕಿಲ್ಲ. ಕೊನೆಯ ರೌಂಡಿನ ತಿಂಗಳು ಮತ್ತು ರನ್‌ವೇ ಅಸೈನ್‌ಮೆಂಟಿಗೆ ಮೊದಲು. ಸಿಟಿಸಿಯಲ್ಲಿ ನಗದು ಎಷ್ಟು, ಬಿಟ್ಟ ಮೇಲೆ ಕಾಲಾವಕಾಶ ಎಷ್ಟು ಎಂಬುದೂ ಆಗಲೇ. ಆಪ್ಷನ್ ಸಂಖ್ಯೆ, ಒಟ್ಟು ಷೇರು, ಕೊಳ್ಳುವ ಬೆಲೆ ಆಫರ್ ಹಂತದಲ್ಲಿ, ಬರಹದಲ್ಲಿ. ಆಫರ್ ಲೆಟರ್‌ನಲ್ಲಿ ಹಲವು ಸಲ "ಮಂಡಳಿಯ ಒಪ್ಪಿಗೆಗೆ ಒಳಪಟ್ಟು" ಎಂಬ ಒಂದು ಸಾಲಷ್ಟೇ ಇರುತ್ತದೆ. ನಿಜವಾದ ಗ್ರಾಂಟ್ ಲೆಟರ್ ಬರುವುದು ಸೇರಿದ ಮೇಲೆ. ಆದ್ದರಿಂದ ಹಳೆಯ ಕಂಪನಿಗೆ ರಾಜೀನಾಮೆ ಕಳಿಸುವ ಮೊದಲು ಇಸಾಪ್ ಯೋಜನೆಯ ಪ್ರತಿಯನ್ನೂ, ಮಂಡಳಿ ಯಾವ ತಿಂಗಳೊಳಗೆ ಒಪ್ಪಿಗೆ ಕೊಡುತ್ತದೆ ಎಂಬ ಮಾತನ್ನೂ ಇಮೇಲ್‌ನಲ್ಲಿ ಕೇಳಿ ಪಡೆಯಬೇಕು.